ರೋಗಿಯ ಪಾತ್ರಕ್ಕೆ ಒಪ್ಪಿಗೆ ಕೊಡುವವರು ಯಾರು? ಕೊಡಗಿನ ಕಾಫಿ ತೋಟಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಕಾಯಿಲೆ ದೇಹದಲ್ಲಿ ಕಾಣಿಸಿಕೊಂಡರೂ ಕಾಯಿಲೆ ಬಿದ್ದವರು ರೋಗಿ ಎನಿಸಿಕೊಳ್ಳಲು ಸುತ್ತಲಿನವರ ಒಪ್ಪಿಗೆ ಬೇಕಾಗುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಟಾಲ್ಕಾಟ್ ಪಾರ್ಸನ್ಸ್ 1951ರಲ್ಲಿ ಮಂಡಿಸಿದ ‘ರೋಗಿಯ ಪಾತ್ರ’ದ ಪರಿಕಲ್ಪನೆ ಈ ಒಪ್ಪಿಗೆಯ ಕರಾರುಗಳನ್ನು ವಿವರಿಸುತ್ತದೆ. ರೋಗಿಗೆ ದಿನನಿತ್ಯದ ಹೊಣೆಗಳಿಂದ ವಿನಾಯಿತಿ ಸಿಗುತ್ತದೆ, ತನ್ನ ಸ್ಥಿತಿಗೆ ತಾನೇ ಕಾರಣನೆಂಬ ದೂಷಣೆ ಇರುವುದಿಲ್ಲ. ಅದಕ್ಕೆ ಪ್ರತಿಯಾಗಿ ಆತ ಗುಣವಾಗಲು ಬಯಸಬೇಕು, ತಜ್ಞರ ನೆರವು ಪಡೆದು ಅವರೊಂದಿಗೆ ಸಹಕರಿಸಬೇಕು. ಈ ಚೌಕಟ್ಟಿನಲ್ಲಿ ಒಪ್ಪಿಗೆ ಕೊಡುವ ಅಧಿಕಾರ ವೈದ್ಯರದು. ಕೊಡಗಿನ ಕಾಫಿ ತೋಟಗಳಲ್ಲಿ ಆ ಅಧಿಕಾರ ವೈದ್ಯರನ್ನು ತಲುಪುವ ಮೊದಲೇ ಮೇಸ್ತ್ರಿ, ಕೂಲಿ ಮತ್ತು ಕೊಯ್ಲಿನ ಋತುಮಾನದ ಕೈಯಲ್ಲಿ ಹಂಚಿಹೋಗಿರುತ್ತದೆ ಎಂಬುದು ಈ ಪ್ರಬಂಧದ ವಾದ.

ಪಾರ್ಸನ್ಸ್ ತನ್ನ ಪರಿಕಲ್ಪನೆಯನ್ನು ಪ್ರಕಟಿಸಿದ ವರ್ಷವೇ ಭಾರತದಲ್ಲಿ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಅಂಗೀಕಾರವಾದದ್ದು ಕಾಕತಾಳೀಯವಾದರೂ ಗಮನಿಸಬೇಕಾದ ಸಂಗತಿ. ಅರ್ಹ ವೈದ್ಯರು ಕಾಯಿಲೆಯನ್ನು ದೃಢೀಕರಿಸಿದರೆ ಕಾರ್ಮಿಕರಿಗೆ ಮಾಲೀಕರಿಂದ ಅನಾರೋಗ್ಯ ಭತ್ಯೆ ಪಡೆಯುವ ಹಕ್ಕನ್ನು ಆ ಕಾಯ್ದೆ ಕೊಟ್ಟಿತು. ಪಾರ್ಸನ್ಸ್ ಸಾಮಾಜಿಕ ನಿರೀಕ್ಷೆಯೆಂದು ಬಣ್ಣಿಸಿದ ವಿನಾಯಿತಿ ಇಲ್ಲಿ ಕಾನೂನಿನ ರೂಪ ಪಡೆಯಿತು. ಆದರೆ ಕಾಯ್ದೆ ಅನ್ವಯಿಸಲು ತೋಟಕ್ಕೆ ಇಂತಿಷ್ಟು ವಿಸ್ತೀರ್ಣವಿರಬೇಕು, ಇಂತಿಷ್ಟು ಮಂದಿ ಕೆಲಸಕ್ಕಿರಬೇಕು ಎಂಬ ಮಿತಿಯಿತ್ತು. ಕೊಡಗಿನಲ್ಲಿ ಸಣ್ಣ ಹಿಡುವಳಿಗಳೇ ಹೆಚ್ಚು. ಹಾಡಿಯಿಂದ ದಿನಗೂಲಿಗೆ ಬರುವ ಯರವ ಮತ್ತು ಜೇನು ಕುರುಬ ಸಮುದಾಯದವರಿಗೂ ಅಸ್ಸಾಂನಂತಹ ರಾಜ್ಯಗಳಿಂದ ಋತುಮಾನಕ್ಕೆ ಬಂದು ಹೋಗುವವರಿಗೂ ಇಂತಹ ಹಕ್ಕು ದಕ್ಕುವುದು ಕಷ್ಟ. ಅವರಿಗೆ ಜ್ವರದ ದಿನವೆಂದರೆ ಕೂಲಿಯಿಲ್ಲದ ದಿನ.

ಸಿದ್ದಾಪುರದ ಸಮೀಪದ ತೋಟವೊಂದರ ಲೈನ್ ಮನೆಯಲ್ಲಿ ಮಾತಿಗೆ ಸಿಕ್ಕ ಮಹಿಳೆಯೊಬ್ಬರು ತಮ್ಮ ಸೊಂಟನೋವಿನ ಬಗ್ಗೆ ಹೇಳಿದ ಮಾತು ಇದನ್ನು ನೇರವಾಗಿ ತೋರಿಸುತ್ತದೆ: “ಕೊಯ್ಲು ಮುಗೀಲಿ, ಆಮೇಲೆ ಆಸ್ಪತ್ರೆಗೆ ಹೋಗ್ತೀನಿ. ಈಗ ಕೂತ್ರೆ ಮೇಸ್ತ್ರಿ ಬೇರೆಯವರನ್ನ ಕರೀತಾರೆ.” ಕಿತ್ತ ಹಣ್ಣಿನ ತೂಕಕ್ಕೆ ತಕ್ಕಂತೆ ಕೂಲಿ ಸಿಗುವ ಆ ತಿಂಗಳುಗಳಲ್ಲಿ ಅವರಿಗೆ ನೋವಿನ ಅರಿವಿದೆ, ಚಿಕಿತ್ಸೆಯ ಬಯಕೆಯೂ ಇದೆ, ಇಲ್ಲದಿರುವುದು ರೋಗಿಯಾಗುವ ಅವಕಾಶ ಮಾತ್ರ. ಕೆಲಸ ಬಿಟ್ಟರೂ ಅಡುಗೆ, ನೀರು, ಮಕ್ಕಳ ಆರೈಕೆಯಿಂದ ಅವರಿಗೆ ಬಿಡುವಿಲ್ಲ. ಆದ್ದರಿಂದ ತಡವಾಗಿ ಆಸ್ಪತ್ರೆಗೆ ಬರುವುದನ್ನು ಅಜ್ಞಾನ ಅಥವಾ ಮೂಢನಂಬಿಕೆಯೆಂದು ಕರೆಯುವ ವಿವರಣೆಗಳು ಅರ್ಧ ಸತ್ಯವೂ ಅಲ್ಲವೆಂದೇ ನನ್ನ ಅಭಿಪ್ರಾಯ.

ಕ್ಷಯರೋಗದ ಚಿಕಿತ್ಸೆಯಲ್ಲಿ ಈ ತೊಡಕು ಇನ್ನಷ್ಟು ಸ್ಪಷ್ಟವಾಗುತ್ತದೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಮಾತ್ರೆ ನುಂಗಬೇಕು, ಆದರೆ ಕೆಲವೇ ವಾರಗಳಲ್ಲಿ ಜ್ವರ, ಕೆಮ್ಮು ತಗ್ಗಿ ದುಡಿಯುವ ಶಕ್ತಿ ಮರಳಬಹುದು. ಆಗ ಮನೆಯವರ ಮತ್ತು ಮೇಸ್ತ್ರಿಯ ಕಣ್ಣಿಗೆ ಅವರು ರೋಗಿಯಲ್ಲ. ವೈದ್ಯರ ದೃಷ್ಟಿಯಲ್ಲಿ ಇನ್ನೂ ರೋಗಿಯೇ. ಮಾತ್ರೆ ನಡುವೆಯೇ ನಿಂತರೆ ದೂರು ಬರುವುದು ರೋಗಿಯ ಮೇಲೆಯೇ ಹೊರತು ಆತನನ್ನು ಕೆಲಸದ ಬೆನ್ನಟ್ಟಿ ಊರಿಂದೂರಿಗೆ ಅಲೆಸುವ ವ್ಯವಸ್ಥೆಯ ಮೇಲಲ್ಲ. 2018ರಲ್ಲಿ ಆರಂಭವಾದ ನಿಕ್ಷಯ್ ಪೋಷಣ್ ಯೋಜನೆಯ ಮಾಸಿಕ ನೆರವು ಪೌಷ್ಟಿಕ ಆಹಾರಕ್ಕೆ ಒದಗುತ್ತದೆ, ಕಳೆದುಹೋದ ಕೂಲಿಯನ್ನು ತುಂಬಿಕೊಡುವುದಿಲ್ಲ.

ಎಲಿಯಟ್ ಫ್ರೀಡ್‌ಸನ್ 1970ರಲ್ಲಿ ಪಾರ್ಸನ್ಸ್‌ನ ಚೌಕಟ್ಟನ್ನು ತಿದ್ದುತ್ತ, ಕೆಲವು ಕಾಯಿಲೆಗಳಿಗೆ ಸಮಾಜ ಷರತ್ತಿನ ಮಾನ್ಯತೆಯನ್ನೂ ಕೆಲವಕ್ಕೆ ಪೂರ್ಣ ಮಾನ್ಯತೆಯನ್ನೂ ಕೊಟ್ಟು, ಕಳಂಕ ಹೊತ್ತ ಕಾಯಿಲೆಗಳಿಗೆ ಮಾನ್ಯತೆಯನ್ನೇ ನಿರಾಕರಿಸುತ್ತದೆ ಎಂದು ತೋರಿಸಿದರು. ಮದ್ಯವ್ಯಸನ ಈ ಮೂರನೆಯ ಗುಂಪಿಗೆ ಸೇರುತ್ತದೆ. ತೋಟದಲ್ಲಿ ಗಂಡಸೊಬ್ಬ ಕೆಲಸಕ್ಕೆ ಬಾರದಿದ್ದರೆ ‘ಕುಡಿದು ಮಲಗಿರಬೇಕು’ ಎಂಬ ಅನುಮಾನ ಮೊದಲು ಏಳುವುದರಿಂದ, ನಿಜವಾಗಿ ಜ್ವರದಿಂದ ಮಲಗಿದವನೂ ತನ್ನ ನಿರ್ದೋಷವನ್ನು ಸಾಬೀತುಪಡಿಸಬೇಕಾಗುತ್ತದೆ. ಬುಡಕಟ್ಟು ಸಮುದಾಯಗಳಲ್ಲಿ ಕಂಡುಬರುವ ಕುಡಗೋಲು ಕಣ ರಕ್ತಹೀನತೆಯದು ಬೇರೆಯೇ ಸಂಕಟ: ನೋವು ಬಂದು ಹೋಗುತ್ತದೆ, ನಡುವಿನ ದಿನಗಳಲ್ಲಿ ಕಾಯಿಲೆ ಕಣ್ಣಿಗೆ ಬೀಳುವುದಿಲ್ಲ, ಹುಟ್ಟಿನಿಂದ ಬಂದ ಈ ಸ್ಥಿತಿ ಜೀವನವಿಡೀ ಉಳಿಯುತ್ತದೆ. ಬೇಗ ಗುಣವಾಗಿ ಕೆಲಸಕ್ಕೆ ಮರಳಬೇಕೆಂಬ ಪಾರ್ಸನ್ಸ್‌ನ ನಿರೀಕ್ಷೆ ಇಲ್ಲಿ ಅರ್ಥ ಕಳೆದುಕೊಳ್ಳುತ್ತದೆ. 2023ರಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನ ರಕ್ತಪರೀಕ್ಷೆಯನ್ನು ಹಾಡಿಗಳ ಹತ್ತಿರಕ್ಕೆ ತರುವಂತಹದು. ಆದರೆ ಪರೀಕ್ಷೆಯ ಫಲಿತಾಂಶವನ್ನು ಮೇಸ್ತ್ರಿ ರಜೆಯ ಕಾರಣವಾಗಿ ಒಪ್ಪುತ್ತಾರೆಯೇ ಎಂಬುದು ಆರೋಗ್ಯ ಇಲಾಖೆಯ ವ್ಯಾಪ್ತಿಯಾಚೆಗಿನ ಪ್ರಶ್ನೆ.

ಹೀಗಿರುವಾಗ ಆಸ್ಪತ್ರೆಯ ಹೊರರೋಗಿ ದಾಖಲೆಯನ್ನಷ್ಟೇ ನೆಚ್ಚಿಕೊಂಡ ಅಧ್ಯಯನ ಒಪ್ಪಿಗೆ ಪಡೆದವರನ್ನು ಮಾತ್ರ ಎಣಿಸುತ್ತದೆ. ಕೊಯ್ಲಿನ ತಿಂಗಳುಗಳಲ್ಲಿ ಹಾಜರಾತಿ ಇಳಿದರೆ ಅದನ್ನು ಆರೋಗ್ಯದ ಸುಧಾರಣೆಯೆಂದು ಓದುವಂತಿಲ್ಲ. ಕ್ಷೇತ್ರಕಾರ್ಯದ ಪ್ರಶ್ನಾವಳಿಯಲ್ಲಿ ‘ಯಾವಾಗ ವೈದ್ಯರನ್ನು ಕಂಡಿರಿ’ ಎಂಬುದಕ್ಕಿಂತ ಮುಂಚೆ ‘ಮೈ ಸರಿಯಿಲ್ಲವೆಂದು ಮೊದಲು ಯಾರಿಗೆ ಹೇಳಿದಿರಿ, ಅವರು ಏನೆಂದರು, ಆ ದಿನದ ಕೂಲಿ ಏನಾಯಿತು’ ಎಂದು ಕೇಳಬೇಕು.