ವಿಷಯ: ಮಾದರಿ ಕರಾರಿನ 7ನೇ ಷರತ್ತಿನಲ್ಲಿ ಹಾಕಿದ ಕಾಮಾ

ವಕೀಲರಿಗೆ ನಮಸ್ಕಾರ.

ನಿಮ್ಮ ಪುಸ್ತಕದ ಮಾದರಿ ಬಾಡಿಗೆ ಕರಾರಿಗೆ ಪ್ರೂಫ್ ನೋಡುವಾಗ ನಾನು ಕಾಮಾ ಸೇರಿಸಿದ್ದನ್ನು ಆಕ್ಷೇಪಿಸಿ ಬರೆದ ನಿಮ್ಮ ಪತ್ರ ಓದಿದೆ. ನಿಮಗೆ ಬೇಸರವಾದದ್ದು ಸಹಜವೇ. ಷರತ್ತಿನ ಅರ್ಥಕ್ಕೆ ತಾಗುವ ಕಡೆ ನಾನು ನೇರವಾಗಿ ತಿದ್ದಬಾರದಿತ್ತು, ಪಕ್ಕದಲ್ಲಿ ಒಂದು ಪ್ರಶ್ನೆ ಬರೆದು ಬಿಡಬೇಕಿತ್ತು. ಅದು ನನ್ನ ತಪ್ಪು. ಆದರೆ ಕಾಮಾ ಸುಮ್ನೆ ಹಾಕಿದ್ದಲ್ಲ.

ನೀವು ಬರೆದದ್ದು ಹೀಗಿತ್ತು:

"ಬಾಡಿಗೆದಾರರು ಮಾಲೀಕರ ಒಪ್ಪಿಗೆ ಇಲ್ಲದೆ ಗೋಡೆ ಒಡೆಯುವುದು, ಒಳಬಾಡಿಗೆಗೆ ಕೊಡುವುದು ಅಥವಾ ಅಂಗಡಿ ಇಡುವುದು ಕೂಡದು."

ನಾನು "ಇಲ್ಲದೆ" ಆದಮೇಲೆ ಒಂದು ಕಾಮಾ ಸೇರಿಸಿದೆ, ಅಷ್ಟೇ. ಅದಿಲ್ಲದಿದ್ದರೆ "ಒಪ್ಪಿಗೆ ಇಲ್ಲದೆ" ಅನ್ನುವುದು ಗೋಡೆಗೆ ಅಂಟಿಕೊಳ್ಳುತ್ತದೆ. ಒಳಬಾಡಿಗೆ, ಅಂಗಡಿ ಎರಡೂ ಒಪ್ಪಿಗೆ ಇದ್ದರೂ ಕೂಡದು ಎಂದು ಓದಿಕೊಳ್ಳಬಹುದು. ಕಾಮಾ ಇದ್ದರೆ ಆ ಮಾತು ಮೂರಕ್ಕೂ ಹರಡುತ್ತದೆ. ಒಮ್ಮೆ ಜೋರಾಗಿ ಓದಿ ನೋಡಿ. "ಇಲ್ಲದೆ" ಹತ್ತಿರ ಉಸಿರು ನಿಂತರೆ ಒಂದು ಅರ್ಥ, ನಿಲ್ಲದಿದ್ದರೆ ಇನ್ನೊಂದು.

ಮೂರಕ್ಕೂ ಸೇರಬೇಕು ಎಂದು ನನಗೆ ಅನಿಸಿದ್ದು ನಿಮ್ಮ ಪುಸ್ತಕದಿಂದಲೇ. 38ನೇ ಪುಟದಲ್ಲಿ "ಮಾಲೀಕರು ಬರೆದುಕೊಟ್ಟರೆ ಒಳಬಾಡಿಗೆಗೆ ಕೊಡಬಹುದು" ಎಂದಿದ್ದೀರಿ. ಮಾದರಿ ಕರಾರು ಅದಕ್ಕೆ ಎದುರಾಗಿ ನಿಂತರೆ ಓದುಗರು ಗೊಂದಲಕ್ಕೆ ಬೀಳುತ್ತಾರೆ, ಅಲ್ವಾ?

ಕೋರ್ಟು ಕಾಮಾ ನೋಡಿ ತೀರ್ಪು ಕೊಡುವುದಿಲ್ಲ ಎಂದು ಬರೆದು, 1952ರ ಅಶ್ವಿನಿ ಕುಮಾರ್ ಘೋಷ್ ಪ್ರಕರಣ ನೆನಪಿಸಿದ್ದೀರಿ. ಕಾನೂನಿನ ವಿಷಯದಲ್ಲಿ ನಿಮ್ಮ ಮುಂದೆ ಬಾಯಿ ತೆರೆಯಲು ಅಳುಕು. ಆದರೂ, ಅದೇ ತೀರ್ಪಿನಲ್ಲಿ, ಎಚ್ಚರದಿಂದ ಚಿಹ್ನೆ ಹಾಕಿದ ಕಾಯಿದೆಯ ಅರ್ಥದಲ್ಲಿ ಅನುಮಾನ ಬಂದರೆ ಚಿಹ್ನೆಗೂ ತೂಕ ಕೊಡಬೇಕು ಎಂಬ ಮಾತು ಇದೆ. 1979ರಲ್ಲಿ ವರದಿಯಾದ ಮೊಹಮ್ಮದ್ ಶಬ್ಬೀರ್ ಪ್ರಕರಣ ನಿಮಗೆ ಗೊತ್ತೇ ಇರುತ್ತದೆ. ಔಷಧ ಕಾಯಿದೆಯ 27ನೇ ಸೆಕ್ಷನ್‌ನಲ್ಲಿ "ದಾಸ್ತಾನು" ಎಂಬರ್ಥದ ಪದ ಆದಮೇಲೆ ಕಾಮಾ ಇರಲಿಲ್ಲ. ಹಾಗಾಗಿ ಮುಂದೆ ಬರುವ "ಮಾರಾಟಕ್ಕೆ" ಎಂಬ ಮಾತು ದಾಸ್ತಾನಿಗೂ ಸೇರುತ್ತದೆ, ಮಾರಾಟಕ್ಕೆ ಅಲ್ಲದೆ ಬರೀ ಇಟ್ಟುಕೊಂಡರೆ ಆ ಸೆಕ್ಷನ್ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ ಓದಿತು. ಇಲ್ಲದ ಕಾಮಾಕ್ಕೇ ಅಷ್ಟು ಬೆಲೆ! ನಮ್ಮ ಪುಸ್ತಕ ಓದುವವರಂತೂ ಜಾಸ್ತಿ ಜನ ವಕೀಲರಲ್ಲ. ಈ ಹಾಳೆಯನ್ನು ಜೆರಾಕ್ಸ್ ಮಾಡಿಸಿ, ಹೆಸರು ತುಂಬಿ, ಸಹಿ ಹಾಕುವವರು.

ಇಷ್ಟಾಗಿಯೂ ಒಳಬಾಡಿಗೆ, ಅಂಗಡಿ ಎರಡೂ ಪೂರ್ತಿ ಕೂಡದು ಎಂಬುದೇ ನಿಮ್ಮ ಉದ್ದೇಶವಾಗಿದ್ದರೆ ನನ್ನ ಕಾಮಾ ತಪ್ಪು, ತೆಗೆಯುತ್ತೇನೆ. ಆಗ ಪದಗಳನ್ನು ಹಿಂದೆಮುಂದೆ ಮಾಡೋಣ:

"ಬಾಡಿಗೆದಾರರು ಒಳಬಾಡಿಗೆಗೆ ಕೊಡುವುದು, ಅಂಗಡಿ ಇಡುವುದು ಅಥವಾ ಮಾಲೀಕರ ಒಪ್ಪಿಗೆ ಇಲ್ಲದೆ ಗೋಡೆ ಒಡೆಯುವುದು ಕೂಡದು."

ಹೀಗಾದರೆ ಯಾವ ಕಾಮಾದ ಹಂಗೂ ಇಲ್ಲ. 38ನೇ ಪುಟವನ್ನು ಮಾತ್ರ ತಿದ್ದಬೇಕಾಗುತ್ತದೆ.

ಎರಡರಲ್ಲಿ ಯಾವುದು ಎಂದು ಗುರುವಾರ ಸಂಜೆಯೊಳಗೆ ಒಂದು ಸಾಲು ಬರೆಯಿರಿ. ಶುಕ್ರವಾರ ಪುಟಗಳು ಪ್ರೆಸ್ಸಿಗೆ ಹೋಗುತ್ತವೆ. ಅಲ್ಲಿಯವರೆಗೆ 7ನೇ ಷರತ್ತನ್ನು ನೀವು ಬರೆದಂತೆಯೇ ಇಟ್ಟಿರುತ್ತೇನೆ.

ಇಂತಿ,
ನಿಮ್ಮ ಪುಸ್ತಕದ ಪ್ರೂಫ್ ನೋಡುತ್ತಿರುವವಳು