ಶಿಡ್ಲಘಟ್ಟದ ಒಂದು ರೇಷ್ಮೆ ರೀಲಿಂಗ್ ಘಟಕ: ಬೆಳವಣಿಗೆಯ ಲೆಕ್ಕ

ಅಂತಿಮ ವರ್ಷದ ಅರ್ಥಶಾಸ್ತ್ರ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗೆ ಟಿಪ್ಪಣಿ, ಚಿಕ್ಕಬಳ್ಳಾಪುರ

ಒಂದು ಘಟಕದ ಉತ್ಪಾದನೆ ಐದು ವರ್ಷದಲ್ಲಿ 30% ಹೆಚ್ಚಿತು ಅಂದುಕೊಳ್ಳಿ. ಇದರಲ್ಲಿ ಹೊಸ ಯಂತ್ರದ ಪಾಲೆಷ್ಟು, ಹೆಚ್ಚು ದುಡಿದದ್ದರ ಪಾಲೆಷ್ಟು? ಇವೆರಡನ್ನೂ ಕಳೆದ ಮೇಲೆ ಉಳಿಯುವುದೆಷ್ಟು? ಹೀಗೆ ಪಾಲು ಮಾಡುವುದೇ ಬೆಳವಣಿಗೆಯ ಲೆಕ್ಕ. ಆ ಉಳಿಕೆಗೆ ಉತ್ಪಾದಕತೆ ಎಂದು ಹೆಸರು. ಪಾಲು ಮಾಡುವುದು ಸುಲಭ. ಉಳಿಕೆಯಲ್ಲಿ ಏನಿದೆ ಎಂದು ಓದುವುದು ಕಷ್ಟ. ಈ ಟಿಪ್ಪಣಿ ಬರೆದಿರುವುದೇ ಅದಕ್ಕಾಗಿ.

ಸೂತ್ರ ಇದು:

```
ΔlnY = sK × ΔlnK + sL × ΔlnL + ΔlnA
```

Y ಅಂದರೆ ಮೌಲ್ಯವರ್ಧನೆ, K ಬಂಡವಾಳ, L ದುಡಿಮೆ, A ಉತ್ಪಾದಕತೆ. sK ಮತ್ತು sL ಎಂದರೆ ಆದಾಯದಲ್ಲಿ ಬಂಡವಾಳ ಮತ್ತು ದುಡಿಮೆಗೆ ಸಿಗುವ ಪಾಲು. ಎರಡೂ ಕೂಡಿ 1 ಆಗಬೇಕು. ಶುರುವಿನ ಮತ್ತು ಕೊನೆಯ ವರ್ಷದ ಪಾಲುಗಳ ಸರಾಸರಿ ತೆಗೆದುಕೊಳ್ಳಿ. ಶೇಕಡಾವಾರು ಬದಲು ಲಾಗ್ ವ್ಯತ್ಯಾಸ ಬಳಸುವುದಕ್ಕೆ ಕಾರಣವಿದೆ: ಆಗ ಭಾಗಗಳು ಸರಿಯಾಗಿ ಕೂಡುತ್ತವೆ, ಚೂರುಪಾರು ಉಳಿಯುವುದಿಲ್ಲ.

ಮೊದಲು ಮೌಲ್ಯವರ್ಧನೆ

ಕೆಳಗಿನ ಘಟಕ ಲೆಕ್ಕಕ್ಕೆಂದು ನಾನೇ ಕಟ್ಟಿಕೊಂಡದ್ದು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿನಲ್ಲಿ ಗೂಡು ತಂದು, ನೂಲು ಬಿಚ್ಚಿ ಮಾರುವ ಮಲ್ಟಿ ಎಂಡ್ ಘಟಕ. ಯಜಮಾನರ ಮನೆಯವರೂ ಸೇರಿ 20 ಜನ ದುಡಿಯುತ್ತಾರೆ.

ರೇಷ್ಮೆ ಮಾರಿ ಬಂದ ಹಣವೆಲ್ಲ ಘಟಕ ಹುಟ್ಟಿಸಿದ್ದಲ್ಲ. ಅದರಲ್ಲಿ ದೊಡ್ಡ ಪಾಲು ಗೂಡು ಬೆಳೆದ ರೈತರಿಗೆ ಹೋಗುತ್ತದೆ. ಗೂಡಿನ ಬೆಲೆ, ಸೌದೆ, ಕರೆಂಟು, ನೀರು ಇವನ್ನು ಕಳೆದ ಮೇಲೆ ಉಳಿದದ್ದೇ ಮೌಲ್ಯವರ್ಧನೆ. ಎರಡೂ ವರ್ಷಕ್ಕೆ 2018-19ರ ಬೆಲೆಯನ್ನೇ ಹಾಕಿದ್ದೇನೆ: ರೇಷ್ಮೆ ಕಿಲೋಗೆ 3,000 ರೂಪಾಯಿ, ಗೂಡು ಕಿಲೋಗೆ 300 ರೂಪಾಯಿ.

| ವಿವರ | 2018-19 | 2023-24 |
|---|---|---|
| ಕಚ್ಚಾ ರೇಷ್ಮೆ (ಕಿಲೋ) | 6,000 | 7,000 |
| ರೆಂಡಿಟ್ಟಾ | 7.0 | 6.8 |
| ಗೂಡು (ಕಿಲೋ) | 42,000 | 47,600 |
| ರೇಷ್ಮೆಯ ಮೌಲ್ಯ (ಲಕ್ಷ ರೂ.) | 180.0 | 210.0 |
| ಗೂಡಿನ ಮೌಲ್ಯ (ಲಕ್ಷ ರೂ.) | 126.0 | 142.8 |
| ಸೌದೆ, ಕರೆಂಟು, ನೀರು (ಲಕ್ಷ ರೂ.) | 14.0 | 15.2 |
| ಮೌಲ್ಯವರ್ಧನೆ (ಲಕ್ಷ ರೂ.) | 40.0 | 52.0 |

ರೆಂಡಿಟ್ಟಾ ಅಂದರೆ ಒಂದು ಕಿಲೋ ರೇಷ್ಮೆ ತೆಗೆಯಲು ಬೇಕಾದ ಗೂಡಿನ ಕಿಲೋ. ಇದು ಇಳಿದಷ್ಟೂ ಒಳ್ಳೆಯದು. ಈ ಸಾಲನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಆಯಾ ವರ್ಷದ ಬೆಲೆಯಲ್ಲೇ ಲೆಕ್ಕ ಹಾಕಿದರೆ 2023-24ರ ಮೌಲ್ಯವರ್ಧನೆ 65 ಲಕ್ಷ. ಅದನ್ನೇ ಸೂತ್ರಕ್ಕೆ ಹಾಕಿದರೆ ಬೆಲೆ ಏರಿದ್ದೆಲ್ಲ ಉತ್ಪಾದಕತೆಯ ಖಾತೆಗೆ ಹೋಗಿ ಕೂರುತ್ತದೆ. ಆದರೆ ಕೂಲಿಯ ಪಾಲು ತೆಗೆಯುವಾಗ ಮಾತ್ರ ಆಯಾ ವರ್ಷದ ಬೆಲೆಯೇ ಸರಿ. ಮೊದಲ ವರ್ಷ 40 ಲಕ್ಷದಲ್ಲಿ ಕೂಲಿ 24 ಲಕ್ಷ, ಅಂದರೆ 0.60. ಕೊನೆಯ ವರ್ಷ 65 ಲಕ್ಷದಲ್ಲಿ 36.4 ಲಕ್ಷ, ಅಂದರೆ 0.56. ಸರಾಸರಿ 0.58. ಉಳಿದ 0.42 ಬಂಡವಾಳದ ಪಾಲು.

ಯಜಮಾನರ ಹೆಂಡತಿ, ಮಕ್ಕಳು ಸಂಬಳವಿಲ್ಲದೆ ದುಡಿಯುತ್ತಾರೆ ಅಲ್ವಾ? ಅವರ ದುಡಿಮೆಗೂ ಹೊರಗಿನವರಿಗೆ ಕೊಡುವ ಕೂಲಿಯನ್ನೇ ಕಟ್ಟಿ ಈ 24 ಲಕ್ಷದಲ್ಲಿ ಸೇರಿಸಿದ್ದೇನೆ. ಇದನ್ನು ಬಿಟ್ಟರೆ ಮನೆಯವರ ಬೆವರೆಲ್ಲ ಬಂಡವಾಳದ ಲಾಭವಾಗಿ ಕಾಣುತ್ತದೆ. ನಮ್ಮ ಕಡೆಯ ಸಣ್ಣ ಘಟಕಗಳಲ್ಲಿ ಇದು ಸಣ್ಣ ವಿಷಯವಲ್ಲ.

ಪಾಲು ಮಾಡುವುದು

ಬಂಡವಾಳ, ಸ್ಥಿರ ಬೆಲೆಯಲ್ಲಿ, 60 ಲಕ್ಷದಿಂದ 84 ಲಕ್ಷಕ್ಕೆ ಏರಿದೆ. ದುಡಿದ ಗಂಟೆಗಳು 48,000ದಿಂದ 52,800ಕ್ಕೆ.

| | ಲಾಗ್ ಬೆಳವಣಿಗೆ (%) | ಪಾಲು | ಕೊಡುಗೆ (%) | ವರ್ಷಕ್ಕೆ (%) | ಬೆಳವಣಿಗೆಯಲ್ಲಿ ಭಾಗ (%) |
|---|---|---|---|---|---|
| ಬಂಡವಾಳ | 33.65 | 0.42 | 14.13 | 2.8 | 54 |
| ದುಡಿಮೆ | 9.53 | 0.58 | 5.53 | 1.1 | 21 |
| ಉತ್ಪಾದಕತೆ (ಉಳಿಕೆ) | | | 6.58 | 1.3 | 25 |
| ಮೌಲ್ಯವರ್ಧನೆ | 26.24 | 1.00 | 26.24 | 5.2 | 100 |

ln(52/40) = 0.2624, ln(84/60) = 0.3365, ln(52,800/48,000) = 0.0953. ಉಳಿಕೆಯನ್ನು ನೇರವಾಗಿ ಅಳೆದಿಲ್ಲ, ಕಳೆದು ಪಡೆದಿದ್ದೇವೆ. ಆದ್ದರಿಂದ ಬೇರೆ ಸಾಲುಗಳಲ್ಲಿ ಆದ ತಪ್ಪೂ ಅದರಲ್ಲೇ ಬಂದು ಸೇರುತ್ತದೆ.

ಗಂಟೆ ಬಿಟ್ಟು ತಲೆ ಎಣಿಸಿ ನೋಡಿ. 20 ಜನ ಆಗಲೂ ಇದ್ದರು, ಈಗಲೂ ಇದ್ದಾರೆ. ದುಡಿಮೆಯ ಕೊಡುಗೆ ಸೊನ್ನೆ! ಉಳಿಕೆ 6.58ರಿಂದ ಸುಮಾರು 12.1ಕ್ಕೆ ಹಾರುತ್ತದೆ. ನಿಜದಲ್ಲಿ ಆದದ್ದಿಷ್ಟೇ: ಒಬ್ಬೊಬ್ಬರೂ ವರ್ಷಕ್ಕೆ 2,400 ಗಂಟೆ ದುಡಿಯುತ್ತಿದ್ದವರು ಈಗ 2,640 ಗಂಟೆ ಬಿಸಿನೀರಿನ ಬೇಸಿನ್ ಮುಂದೆ ಇರುತ್ತಾರೆ. ಅದನ್ನು ದಕ್ಷತೆ ಎಂದು ಬರೆಯುವುದು ಅನ್ಯಾಯ.

ಈ ಎಚ್ಚರ ಹಳೆಯದೇ. 1956ರಲ್ಲಿ ಮೋಸೆಸ್ ಅಬ್ರಮೋವಿಟ್ಜ್ ಇಂಥ ಉಳಿಕೆಯನ್ನು ನಮ್ಮ ಅಜ್ಞಾನದ ಅಳತೆ ಎಂದೇ ಕರೆದರು. ಮರುವರ್ಷ ರಾಬರ್ಟ್ ಸೊಲೊ ಅಮೆರಿಕದ 1909ರಿಂದ 1949ರವರೆಗಿನ ಅಂಕಿಗಳನ್ನು ಹೀಗೆ ಪಾಲು ಮಾಡಿದರು. ದುಡಿಮೆಯ ಗಂಟೆಯೊಂದರ ಉತ್ಪಾದನೆ ಸುಮಾರು ಇಮ್ಮಡಿಯಾಗಿತ್ತು. ಅದರಲ್ಲಿ 87.5% ತಾಂತ್ರಿಕ ಬದಲಾವಣೆಗೆ ಸಂದಿತು, ಉಳಿದದ್ದಷ್ಟೇ ಬಂಡವಾಳಕ್ಕೆ. ಆಮೇಲೆ 1967ರಲ್ಲಿ ಡೇಲ್ ಜಾರ್ಗೆನ್ಸನ್ ಮತ್ತು ಜ್ವಿ ಗ್ರಿಲಿಕಸ್ ಬಂಡವಾಳ ಮತ್ತು ದುಡಿಮೆಯನ್ನು ಸರಿಯಾಗಿ ಅಳೆದರೆ ಉಳಿಕೆ ಬಹಳ ಕುಗ್ಗುತ್ತದೆ ಎಂದು ವಾದಿಸಿದರು. ನಮ್ಮಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಇಂಡಿಯಾ ಕ್ಲೆಮ್ಸ್ ಅಂಕಿಅಂಶದಲ್ಲಿ ಬಂಡವಾಳ, ದುಡಿಮೆ, ಇಂಧನ, ಕಚ್ಚಾವಸ್ತು, ಸೇವೆ ಐದೂ ಬೇರೆ ಬೇರೆ ಸಾಲಾಗಿ ಬರುತ್ತವೆ. ಕಚ್ಚಾವಸ್ತುವಿಗೆ ಯಾಕೆ ಬೇರೆ ಸಾಲು ಬೇಕು ಎಂಬುದಕ್ಕೆ ನಮ್ಮ ಘಟಕವೇ ಸಾಕ್ಷಿ.

ಆ 6.58 ಯಾರದ್ದು?

ಈಗ ರೆಂಡಿಟ್ಟಾ ಸಾಲಿಗೆ ಬನ್ನಿ. ಅದು 7.0ರಲ್ಲೇ ನಿಂತಿದ್ದರೆ 7,000 ಕಿಲೋ ರೇಷ್ಮೆಗೆ 49,000 ಕಿಲೋ ಗೂಡು ಬೇಕಿತ್ತು. ಗೂಡಿನ ಖರ್ಚು 142.8 ಲಕ್ಷದ ಬದಲು 147 ಲಕ್ಷ. ಮೌಲ್ಯವರ್ಧನೆ 52 ಅಲ್ಲ, 47.8 ಲಕ್ಷ. ಲಾಗ್ ಬೆಳವಣಿಗೆ 17.81. ಅದರಿಂದ ಬಂಡವಾಳ ಮತ್ತು ದುಡಿಮೆಯ 19.66 ಕಳೆದರೆ ಉಳಿಕೆ −1.85.

ಅಂದರೆ ಉತ್ಪಾದಕತೆ ಎಂದು ಬರೆದುಕೊಂಡದ್ದೆಲ್ಲ ಈ 0.2 ಇಳಿಕೆಯಿಂದಲೇ ಬಂದದ್ದು. ರೆಂಡಿಟ್ಟಾ ಎರಡು ಕಾರಣಕ್ಕೆ ಇಳಿಯಬಹುದು. ಗೂಡು ಬೇಯಿಸುವುದು, ಎಳೆ ಹಿಡಿಯುವುದು ಸುಧಾರಿಸಿದ್ದರೆ ಅದು ಘಟಕದ ಕೆಲಸಗಾರರ ಕೈಚಳಕ. ಉತ್ಪಾದಕತೆ ಎನ್ನುವ ಹೆಸರು ಆಗ ಸರಿಯಾಗಿ ಒಪ್ಪುತ್ತದೆ. ಆದರೆ ಘಟಕ ಮಿಶ್ರತಳಿ ಗೂಡು ಬಿಟ್ಟು ಬೈವೋಲ್ಟೈನ್ ಗೂಡು ಜಾಸ್ತಿ ಕೊಳ್ಳಲು ಶುರು ಮಾಡಿದ್ದರೆ? ಬೈವೋಲ್ಟೈನ್ ಗೂಡಿನಲ್ಲಿ ರೇಷ್ಮೆಯ ಅಂಶವೇ ಹೆಚ್ಚು. ಆಗ ಆ ಸುಧಾರಣೆ ಹಿಪ್ಪುನೇರಳೆ ತೋಟದಲ್ಲಿ, ಹುಳು ಸಾಕುವ ಮನೆಯಲ್ಲಿ ಆದದ್ದು. ರೈತರ ಶ್ರಮ ರೀಲರ್‌ನ ಖಾತೆಗೆ ಜಮಾ ಆಗಿರುತ್ತದೆ. ಎರಡೂ ಗೂಡಿಗೆ 300 ರೂಪಾಯಿ ಹಾಕಿದ್ದರಿಂದಲೇ ಹೀಗಾಯಿತು. ಮೂಲ ವರ್ಷದಲ್ಲೇ ಒಳ್ಳೆಯ ಗೂಡು ಕಿಲೋಗೆ ಸುಮಾರು 9 ರೂಪಾಯಿ ಹೆಚ್ಚಿಗೆ ಹೋಗುತ್ತಿತ್ತು ಎಂದಾದರೆ, 47,600 ಕಿಲೋ ಮೇಲೆ 4.2 ಲಕ್ಷ ಗೂಡಿನ ಸಾಲಿಗೆ ವಾಪಸ್ ಹೋಗುತ್ತದೆ. ಉಳಿಕೆ ಮತ್ತೆ −1.85.

ಹಾಗಾಗಿ ನೀವು ಘಟಕಕ್ಕೆ ಹೋದಾಗ ಸುಮ್ನೆ ಗೂಡು ಎಷ್ಟು ಕಿಲೋ ಕೊಂಡಿರಿ ಎಂದು ಕೇಳಿ ಬರಬೇಡಿ. ತಳಿವಾರು ಎಷ್ಟು, ಯಾವ ದರಕ್ಕೆ ಎಂದು ಕೇಳಿ. ಹರಾಜಿನ ಚೀಟಿ ಇಟ್ಟಿದ್ದರೆ ನೋಡಿ. ಜನ ಎಷ್ಟು ಎಂದು ಕೇಳಿದ ಮೇಲೆ ಗಂಟೆ ಎಷ್ಟು ಎಂದೂ ಕೇಳಿ. ಗಂಡಾಳು, ಹೆಣ್ಣಾಳು ಕೂಲಿ ಬೇರೆ ಬೇರೆ ಇದ್ದರೆ ಎರಡನ್ನೂ ಬರೆದುಕೊಳ್ಳಿ. ಯಂತ್ರ ಎಷ್ಟಕ್ಕೆ ಕೊಂಡರು ಎನ್ನುವುದರ ಜತೆಗೆ ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ ಎನ್ನುವುದೂ ಬೇಕು. ಕರೆಂಟು ಇಲ್ಲದೆಯೋ ಗೂಡು ಸಿಗದೆಯೋ ಹೊಸ ಬೇಸಿನ್‌ಗಳು ಅರ್ಧ ದಿನ ಖಾಲಿ ನಿಂತಿದ್ದರೆ, 24 ಲಕ್ಷದ ಹೊಸ ಬಂಡವಾಳಕ್ಕೆ ನಾವು ಕೊಟ್ಟ 14.13 ಜಾಸ್ತಿಯಾಯಿತು. ಆ −1.85ಕ್ಕೆ ಕಾರಣ ಅಲ್ಲೇ ಸಿಗಬಹುದು.