ಶೇಕಡಾ ಯಾವುದರದು? ಪೈ ನಕ್ಷೆ ಮತ್ತು ಸ್ತಂಭ ನಕ್ಷೆಯ ಅಭ್ಯಾಸ ಹಾಳೆ

ಕಲಬುರಗಿಯ ನಮ್ಮ ಸಂಜೆ ತರಗತಿಯಲ್ಲಿ ಎಫ್‌ಡಿಎ, ಎಸ್‌ಡಿಎ, ಪಿಡಿಒ ಹಾಗೂ ಬ್ಯಾಂಕ್ ಪರೀಕ್ಷೆಗಳಿಗೆ ಓದುತ್ತಿರುವವರಿಗಾಗಿ.
ಸಮಯ: 50 ನಿಮಿಷ. ಕ್ಯಾಲ್ಕುಲೇಟರ್ ಬೇಡ.

ಕಳೆದ ಭಾನುವಾರದ ಕಿರುಪರೀಕ್ಷೆಯ ಉತ್ತರಗಳನ್ನು ತಿದ್ದುವಾಗ 31 ಮಂದಿಯಲ್ಲಿ 19 ಮಂದಿ ಒಂದೇ ಜಾಗದಲ್ಲಿ ಎಡವಿದ್ದನ್ನು ಕಂಡೆ. ಯಾರ ಗುಣಾಕಾರವೂ ತಪ್ಪಿರಲಿಲ್ಲ. ಯಾವ ಸಂಖ್ಯೆಯನ್ನು ಗುಣಿಸಬೇಕು ಎಂಬುದು ತಪ್ಪಿತ್ತು. ಆದ್ದರಿಂದ ಈ ಹಾಳೆಯಲ್ಲಿ ಒಂದು ನಿಯಮವಿದೆ: ಪ್ರಶ್ನೆಯಲ್ಲಿ ಶೇಕಡಾ ಕಂಡ ಕೂಡಲೇ ಅದರ ಪಕ್ಕದಲ್ಲಿ ಪೆನ್ಸಿಲಿನಿಂದ "ಯಾವುದರ?" ಎಂದು ಬರೆದು, ಉತ್ತರವನ್ನೂ ಬರೆಯಿರಿ. ಆಮೇಲೆ ಲೆಕ್ಕಕ್ಕೆ ಕೈ ಹಾಕಿ. ಇಲ್ಲಿನ ಅಂಕಿಗಳೆಲ್ಲ ಅಭ್ಯಾಸಕ್ಕೆಂದು ನಾನೇ ಹೊಂದಿಸಿದವು. ಜಿಲ್ಲೆಯ ನಿಜವಾದ ಲೆಕ್ಕವೆಂದು ಎಲ್ಲಿಯೂ ಬಳಸಬೇಡಿ.

ಗುಂಪು 1: ಅಡತ ಅಂಗಡಿಯ ಪೈ ನಕ್ಷೆ

ತೊಗರಿಯ ಕಣಜವೆಂದೇ ನಮ್ಮ ಜಿಲ್ಲೆ ಹೆಸರಾಗಿದೆ. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಮೊದಲ ಲೆಕ್ಕ ತೊಗರಿಯದ್ದೇ ಇರಲಿ. ಕಲಬುರಗಿಯ ಒಂದು ಅಡತ ಅಂಗಡಿಗೆ ಒಂದು ವರ್ಷದಲ್ಲಿ ಬಂದ ಒಟ್ಟು ಆವಕ 2,400 ಕ್ವಿಂಟಲ್. ಅದರ ಹಂಚಿಕೆ:

| ಧಾನ್ಯ | ಪೈ ನಕ್ಷೆಯಲ್ಲಿನ ಪಾಲು |
|---|---|
| ತೊಗರಿ | 45% |
| ಕಡಲೆ | 20% |
| ಜೋಳ | 15% |
| ಹೆಸರು | 7.5% |
| ಉದ್ದು | 5% |
| ಇತರೆ | 7.5% |

1. ತೊಗರಿಯ ಆವಕ ಎಷ್ಟು ಕ್ವಿಂಟಲ್?
(ಅ) 960 (ಆ) 1,050 (ಇ) 1,080 (ಈ) 1,180

2. ಕಡಲೆಯ ಆವಕ ಜೋಳದ ಆವಕಕ್ಕಿಂತ ಶೇಕಡಾ ಎಷ್ಟು ಹೆಚ್ಚು?
(ಅ) 5 (ಆ) 25 (ಇ) 33⅓ (ಈ) 120

3. ಹೆಸರಿನ ಪಾಲನ್ನು ತೋರಿಸುವ ಖಂಡದ ಕೋನ ಎಷ್ಟು ಡಿಗ್ರಿ?

4. ಬಂದ ತೊಗರಿಯಲ್ಲಿ 25% ದಾಲ್ ಮಿಲ್‌ಗೆ ಹೋಯಿತು. ಮಿಲ್‌ಗೆ ಹೋದದ್ದರಲ್ಲಿ ತೂಕದ 70% ಬೇಳೆಯಾಯಿತು. ಆ ಬೇಳೆಯನ್ನು 50 ಕಿಲೋ ಚೀಲಗಳಲ್ಲಿ ತುಂಬಿದರೆ ಎಷ್ಟು ಚೀಲ?

5. ಮರುವರ್ಷ ಮಳೆ ಕೈಕೊಟ್ಟು ಒಟ್ಟು ಆವಕ 2,000 ಕ್ವಿಂಟಲ್‌ಗೆ ಇಳಿಯಿತು. ಆದರೆ ತೊಗರಿಯ ಪಾಲು 50%ಕ್ಕೆ ಏರಿತು. ತೊಗರಿಯ ಆವಕ ಹೆಚ್ಚಿತೇ, ಕಡಿಮೆಯಾಯಿತೇ? ಎಷ್ಟು?

*ಬಿಡಿಸುವ ಬಗೆ.* ಮೊದಲನೆಯದಕ್ಕೆ 45/100 ಎಂದು ಬರೆದು ಉದ್ದನೆಯ ಗುಣಾಕಾರ ಮಾಡುವ ಅಗತ್ಯವಿಲ್ಲ. 2,400ರ 10% ಎಂದರೆ 240. ನಾಲ್ಕು ಹತ್ತು 960, ಉಳಿದ 5% ಎಂದರೆ 240ರ ಅರ್ಧ, 120. ಕೂಡಿದರೆ 1,080. ಉತ್ತರ (ಇ). ಆಯ್ಕೆ (ಅ)ದಲ್ಲಿ 960 ಏಕಿದೆ ಎಂದು ಈಗ ತಿಳಿಯಿತಲ್ಲವೇ? ನಡುದಾರಿಯಲ್ಲಿ ನಿಂತವರಿಗಾಗಿ ಇಟ್ಟ ಬಲೆ ಅದು.

ಎರಡನೆಯದರಲ್ಲಿ 20ರಿಂದ 15 ಕಳೆದು "5" ಎಂದು ಗುರುತು ಹಾಕಿದವರು ತರಗತಿಯಲ್ಲಿ ಬಹಳ ಮಂದಿ. ಆ 5% ಒಟ್ಟು ಆವಕದ 5%, ಅಂದರೆ 120 ಕ್ವಿಂಟಲ್. ಪ್ರಶ್ನೆ ಕೇಳಿದ್ದು "ಜೋಳಕ್ಕಿಂತ" ಎಂದು. ಹಾಗಾಗಿ ಭಾಗಿಸಬೇಕಾದದ್ದು ಜೋಳದ 360ರಿಂದ. 120 ÷ 360 × 100 = 33⅓. ಉತ್ತರ (ಇ). ಕನ್ನಡದಲ್ಲಿ "-ಕ್ಕಿಂತ" ಎಂಬ ಪ್ರತ್ಯಯ ಯಾವ ಪದಕ್ಕೆ ಅಂಟಿಕೊಂಡಿದೆಯೋ ಆ ಪದವೇ ಛೇದ. ಪ್ರಶ್ನೆಯ ಭಾಷೆಯೇ ಇಷ್ಟು ಸ್ಪಷ್ಟವಾಗಿ ಕೈ ಹಿಡಿದು ನಡೆಸುವಾಗ ಅದನ್ನು ಬಿಡಬಾರದು.

ಮೂರನೆಯದು ಸುಲಭ. 100% = 360°, ಆದ್ದರಿಂದ 1% = 3.6°. 7.5 × 3.6 = 27°.

ನಾಲ್ಕನೆಯದೇ ಈ ಗುಂಪಿನ ಜೀವಾಳ. ಇಲ್ಲಿ ಮೂರು ಶೇಕಡಾಗಳಿವೆ, ಮೂರಕ್ಕೂ ಆಧಾರ ಬೇರೆ. 45% ಒಟ್ಟು ಆವಕದ್ದು, 25% ತೊಗರಿಯದ್ದು, 70% ಮಿಲ್‌ಗೆ ಹೋದ ತೊಗರಿಯದ್ದು. ಪೆನ್ಸಿಲಿನಲ್ಲಿ ಬರೆದುಕೊಂಡವರಿಗೆ ದಾರಿ ನೇರವಾಗಿದೆ:

1,080ರ 25% = 270 ಕ್ವಿಂಟಲ್
270ರ 70% = 189 ಕ್ವಿಂಟಲ್
189 × 100 = 18,900 ಕಿಲೋ
18,900 ÷ 50 = 378 ಚೀಲ

ಒಬ್ಬ ವಿದ್ಯಾರ್ಥಿನಿ 2,400ರ 25% ತೆಗೆದು 600 ಎಂದು ಬರೆದು, ಕೊನೆಗೆ 840 ಚೀಲ ತಂದಿದ್ದಳು. ಗುಣಾಕಾರ ಅಚ್ಚುಕಟ್ಟು, ಅಕ್ಷರ ಮುತ್ತಿನಂತೆ, ಆದರೆ ಜೋಳ, ಕಡಲೆ, ಉದ್ದು ಎಲ್ಲವನ್ನೂ ತೊಗರಿಯೊಂದಿಗೆ ಮಿಲ್‌ಗೆ ಸುರಿದಂತಾಗಿತ್ತು.

ಐದನೆಯದು: ಹೊಸ ವರ್ಷದ ತೊಗರಿ 2,000ದ 50% = 1,000 ಕ್ವಿಂಟಲ್. ಹಿಂದಿನದು 1,080. ಪಾಲು ಏರಿದರೂ ಆವಕ 80 ಕ್ವಿಂಟಲ್ ಕಡಿಮೆಯಾಗಿದೆ. ಎರಡು ಪೈ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ಖಂಡದ ಅಗಲ ನೋಡಿ ಉತ್ತರಿಸಬೇಡಿ. ಕಾಗದದ ಮೇಲೆ ಎರಡೂ ವೃತ್ತಗಳು ಒಂದೇ ಗಾತ್ರ. ಅವು ತೋರಿಸುವ ರಾಶಿಗಳು ಒಂದೇ ಗಾತ್ರವಲ್ಲ.

ಗುಂಪು 2: ಡಿಗ್ರಿಯಲ್ಲಿ ಕೊಟ್ಟ ನಕ್ಷೆ

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಒಂದು ಕೂಡುಕುಟುಂಬದ ಜಮೀನಿನಲ್ಲಿ ಬೆಳೆಗಳ ಹಂಚಿಕೆ ಹೀಗಿದೆ: ಭತ್ತ 150°, ಹತ್ತಿ 90°, ತೊಗರಿ 75°, ಮೆಣಸಿನಕಾಯಿ 45°. ಹತ್ತಿ ಬಿತ್ತಿದ ಜಮೀನು 9 ಎಕರೆ.

6. ಒಟ್ಟು ಜಮೀನು ಎಷ್ಟು ಎಕರೆ?

7. ತೊಗರಿಯ ಜಮೀನನ್ನು ಎಕರೆ-ಗುಂಟೆಗಳಲ್ಲಿ ಬರೆಯಿರಿ.

8. ಮೆಣಸಿನಕಾಯಿ ಒಟ್ಟು ಜಮೀನಿನ ಶೇಕಡಾ ಎಷ್ಟು?

*ಬಿಡಿಸುವ ಬಗೆ.* ಇಲ್ಲಿ ಒಟ್ಟು ಕೊಟ್ಟಿಲ್ಲ ಎಂದು ಗಾಬರಿಯಾಗಬೇಕಿಲ್ಲ. ಒಂದು ಖಂಡದ ಕೋನವೂ ಅಳತೆಯೂ ಗೊತ್ತಿದ್ದರೆ ಇಡೀ ವೃತ್ತ ಗೊತ್ತಾದಂತೆ. 90° = 9 ಎಕರೆ, ಆದ್ದರಿಂದ 10° = 1 ಎಕರೆ, 360° = 36 ಎಕರೆ. ತೊಗರಿ 75° ಎಂದರೆ 7.5 ಎಕರೆ. ಕಳೆದ ಸಲ ಹಲವರು ಇದನ್ನು "7 ಎಕರೆ 5 ಗುಂಟೆ" ಎಂದು ಬರೆದಿದ್ದರು. ಎಕರೆಗೆ 40 ಗುಂಟೆ. ಅರ್ಧ ಎಕರೆ ಎಂದರೆ 20 ಗುಂಟೆ. ಪಹಣಿ ನೋಡಿ ಬೆಳೆದ ಮಕ್ಕಳು ನೀವು. ಈ ತಪ್ಪು ನಿಮ್ಮಿಂದ ಆಗಬಾರದು. ಉತ್ತರ 7 ಎಕರೆ 20 ಗುಂಟೆ. ಮೆಣಸಿನಕಾಯಿ: 45 ÷ 360 × 100 = 12.5%. ಎಂಟನೆಯದಕ್ಕೆ ಎಕರೆ ಬೇಕಾಗಿಯೇ ಇಲ್ಲ, ಗಮನಿಸಿ.

ಗುಂಪು 3: ಸ್ತಂಭ ನಕ್ಷೆ, ಜೊತೆಗೆ ಶೇಕಡಾ

ಬೀದರ್ ಜಿಲ್ಲೆಯ ಐದು ತಾಲ್ಲೂಕುಗಳಲ್ಲಿ ನಡೆದ ಒಂದು ಅಣಕು ಪರೀಕ್ಷೆ. ಒಂದು ಚೌಕ = 40 ಅಭ್ಯರ್ಥಿಗಳು. ಸ್ತಂಭ ತೋರಿಸುವುದು ಹಾಜರಾದವರನ್ನು. ಆವರಣದಲ್ಲಿರುವುದು ಅವರಲ್ಲಿ ಉತ್ತೀರ್ಣರಾದವರ ಶೇಕಡಾ.

████████████████ ಬೀದರ್ (45%)
████████████ ಬಸವಕಲ್ಯಾಣ (55%)
██████████ ಭಾಲ್ಕಿ (62.5%)
█████████ ಹುಮನಾಬಾದ್ (50%)
████████ ಔರಾದ್ (65%)

9. ಅತಿ ಹೆಚ್ಚು ಮಂದಿ ಉತ್ತೀರ್ಣರಾದ ತಾಲ್ಲೂಕು ಯಾವುದು?

10. ಐದೂ ತಾಲ್ಲೂಕುಗಳ ಒಟ್ಟಾರೆ ಉತ್ತೀರ್ಣ ಪ್ರಮಾಣ ಶೇಕಡಾ ಎಷ್ಟು, ಸುಮಾರಾಗಿ?
(ಅ) 54.1 (ಆ) 55.5 (ಇ) 56.2 (ಈ) 52.8

11. ಬಸವಕಲ್ಯಾಣದಲ್ಲಿ ಉತ್ತೀರ್ಣರಾದ ಹುಡುಗರು ಮತ್ತು ಹುಡುಗಿಯರ ಅನುಪಾತ 5 : 6. ಹುಡುಗಿಯರು ಎಷ್ಟು ಮಂದಿ ಹೆಚ್ಚು?

12. ಔರಾದ್‌ನಲ್ಲಿ ಅನುತ್ತೀರ್ಣರಾದವರು, ಬೀದರ್‌ನಲ್ಲಿ ಅನುತ್ತೀರ್ಣರಾದವರಿಗಿಂತ ಎಷ್ಟು ಮಂದಿ ಕಡಿಮೆ?

*ಬಿಡಿಸುವ ಬಗೆ.* ಚೌಕಗಳನ್ನು ಎಣಿಸಿ ಮೊದಲು ಹಾಜರಾತಿಯನ್ನು ಪಕ್ಕದಲ್ಲಿ ಬರೆದುಕೊಳ್ಳಿ: 640, 480, 400, 360, 320. ಒಟ್ಟು 2,200. ಈಗ ಉತ್ತೀರ್ಣರು:

640ರ 45% = 288
480ರ 55% = 264
400ರ 62.5% = 250
360ರ 50% = 180
320ರ 65% = 208

ಶೇಕಡಾವಾರು ಕೊನೆಯ ಸ್ಥಾನದಲ್ಲಿರುವ ಬೀದರ್, ಸಂಖ್ಯೆಯಲ್ಲಿ ಮೊದಲ ಸ್ಥಾನದಲ್ಲಿದೆ. ಶೇಕಡಾ ನೋಡಿ ಔರಾದ್ ಎಂದು ಉತ್ತರಿಸಿದವರು ಪ್ರಶ್ನೆಯನ್ನು ಮತ್ತೊಮ್ಮೆ ಓದಿ: "ಹೆಚ್ಚು ಮಂದಿ" ಎಂದಿದೆ, "ಹೆಚ್ಚು ಶೇಕಡಾ" ಎಂದಿಲ್ಲ.

ಹತ್ತನೆಯದರಲ್ಲಿ ಐದು ಶೇಕಡಾಗಳನ್ನು ಕೂಡಿ ಐದರಿಂದ ಭಾಗಿಸಿದರೆ 55.5 ಬರುತ್ತದೆ, ಅದು ಆಯ್ಕೆಯಲ್ಲೂ ಕಾದು ಕುಳಿತಿದೆ. ಆದರೆ 640 ಮಂದಿಯ ಶೇಕಡಾಕ್ಕೂ 320 ಮಂದಿಯ ಶೇಕಡಾಕ್ಕೂ ಸಮಾನ ತೂಕ ಕೊಟ್ಟರೆ ಅದು ಅನ್ಯಾಯದ ತಕ್ಕಡಿ. ಉತ್ತೀರ್ಣರೆಲ್ಲರನ್ನು ಕೂಡಿ: 1,190. ಅದನ್ನು 2,200ರಿಂದ ಭಾಗಿಸಿ: 54.09. ಉತ್ತರ (ಅ). ದೊಡ್ಡ ತಾಲ್ಲೂಕಿನ ಫಲಿತಾಂಶ ಕಡಿಮೆ ಇರುವುದರಿಂದ ಸರಿಯುತ್ತರ 55.5ಕ್ಕಿಂತ ಕೆಳಗಿರಲೇಬೇಕು, ಇಷ್ಟು ಯೋಚಿಸಿದರೆ (ಆ) ಮತ್ತು (ಇ)ಯನ್ನು ಲೆಕ್ಕವಿಲ್ಲದೆಯೇ ಕೈಬಿಡಬಹುದು.

ಹನ್ನೊಂದನೆಯದು: 264ನ್ನು 11 ಪಾಲು ಮಾಡಿದರೆ ಪಾಲಿಗೆ 24, ವ್ಯತ್ಯಾಸ ಒಂದು ಪಾಲು, 24 ಮಂದಿ. ಹನ್ನೆರಡನೆಯದು: ಔರಾದ್ 320 − 208 = 112, ಬೀದರ್ 640 − 288 = 352; 240 ಮಂದಿ ಕಡಿಮೆ.

ಗುಂಪು 4: ಏರಿಳಿತದ ಸ್ತಂಭಗಳು

ಬೀದರ್‌ನ ಒಂದು ಬಿದರಿ ಕರಕುಶಲ ಕೇಂದ್ರದಲ್ಲಿ ಜೂನ್ ತಿಂಗಳಲ್ಲಿ 400 ವಸ್ತುಗಳು ತಯಾರಾದವು. ಮುಂದಿನ ಸ್ತಂಭಗಳು *ಹಿಂದಿನ ತಿಂಗಳಿಗೆ ಹೋಲಿಸಿದ* ಬದಲಾವಣೆಯನ್ನು ತೋರಿಸುತ್ತವೆ: ಜುಲೈ +25%, ಆಗಸ್ಟ್ −20%, ಸೆಪ್ಟೆಂಬರ್ +30%, ಅಕ್ಟೋಬರ್ −10%.

13. ಅಕ್ಟೋಬರ್‌ನಲ್ಲಿ ತಯಾರಾದ ವಸ್ತುಗಳೆಷ್ಟು?

14. ಜೂನ್‌ಗೆ ಹೋಲಿಸಿದರೆ ಅಕ್ಟೋಬರ್‌ನ ಏರಿಕೆ ಶೇಕಡಾ ಎಷ್ಟು?

*ಬಿಡಿಸುವ ಬಗೆ.* 400 → 500 → 400 → 520 → 468. ಜುಲೈನಲ್ಲಿ 25% ಏರಿದ್ದನ್ನು ಆಗಸ್ಟ್‌ನ 20% ಇಳಿಕೆಯೇ ಅಳಿಸಿಬಿಟ್ಟಿತು, ಏಕೆಂದರೆ ಏರಿಕೆಯನ್ನು ಅಳೆದದ್ದು 400ರ ಮೇಲೆ, ಇಳಿಕೆಯನ್ನು 500ರ ಮೇಲೆ. ಒಟ್ಟು ಏರಿಕೆ 68; 68 ÷ 400 × 100 = 17%. ನಾಲ್ಕು ಶೇಕಡಾಗಳನ್ನು ಸುಮ್ಮನೆ ಕೂಡಿಸಿ ಕಳೆದವರಿಗೆ 25% ಬಂದಿರುತ್ತದೆ.

ಮನೆಯಲ್ಲಿ ಬಿಡಿಸಲು

ಒಂದು ವಸತಿ ನಿಲಯದ ಅಡುಗೆಮನೆಯ ಖರ್ಚು. ಜೂನ್‌ನಲ್ಲಿ ಒಟ್ಟು ₹1,80,000, ಜುಲೈನಲ್ಲಿ ₹2,16,000.

| ಬಾಬ್ತು | ಜೂನ್ | ಜುಲೈ |
|---|---|---|
| ಜೋಳ, ಅಕ್ಕಿ, ಬೇಳೆ | 40% | 42% |
| ತರಕಾರಿ | 18% | 15% |
| ಹಾಲು | 12% | 13% |
| ಗ್ಯಾಸ್ | 10% | 10% |
| ಅಡುಗೆಯವರ ಸಂಬಳ | 20% | 20% |

15. ತರಕಾರಿಯ ಖರ್ಚು ಎಷ್ಟು ರೂಪಾಯಿ ಕಡಿಮೆಯಾಯಿತು?

16. ಗ್ಯಾಸ್‌ನ ಖರ್ಚು ಎಷ್ಟು ರೂಪಾಯಿ ಬದಲಾಯಿತು?

17. ಜೋಳ, ಅಕ್ಕಿ, ಬೇಳೆಯ ಖರ್ಚು ಶೇಕಡಾ ಎಷ್ಟು ಏರಿತು?

18. ಜುಲೈನಲ್ಲಿ ಹಾಲಿನ ಖರ್ಚಿನ 75% ಬೆಳಗಿನ ಚಹಾಕ್ಕೆ ಹೋದರೆ, ಆ ಮೊತ್ತ ಎಷ್ಟು?

ಉತ್ತರಗಳು: 15) ಕಡಿಮೆಯಾಗಿಲ್ಲ, ಎರಡೂ ತಿಂಗಳು ₹32,400. 16) ₹3,600 ಏರಿಕೆ. 17) 26%. 18) ₹21,060. ಹದಿನೈದನೆಯದರ ಉತ್ತರವನ್ನು ಹಾಳೆಯಲ್ಲಿ ನೋಡಿ ನಂಬಬೇಡಿ; ಎರಡೂ ಗುಣಾಕಾರಗಳನ್ನು ನೋಟ್‌ಬುಕ್‌ನಲ್ಲಿ ಮಾಡಿ, ಮುಂದಿನ ಭಾನುವಾರ ತನ್ನಿ.